ಸತು ಹೆಚ್ಚಾದರೆ ತಾಮ್ರಕ್ಕೆ ದಾರಿಯಿಲ್ಲ

1958ರಲ್ಲಿ ಇರಾನಿನ ಶಿರಾಜ್ ನಗರದ ವೈದ್ಯರೆದುರಿಗೆ ಬಂದ ರೋಗಿಗೆ ವಯಸ್ಸು 21. ನೋಡಿದರೆ ಹತ್ತು ವರ್ಷದ ಹುಡುಗ. ಪ್ರಾಯದ ಒಂದು ಗುರುತೂ ಮೈಮೇಲೆ ಮೂಡಿರಲಿಲ್ಲ. ಚರ್ಮ ಒರಟಾಗಿ ಒಣಗಿತ್ತು, ಯಕೃತ್ತು ಮತ್ತು ಗುಲ್ಮ ಊದಿಕೊಂಡಿದ್ದವು, ರಕ್ತ ತೀರಾ ಕಡಿಮೆಯಿತ್ತು. ಊಟವೆಂದರೆ ಬಹುಪಾಲು ಗೋಧಿಯ ರೊಟ್ಟಿ. ಮಾಂಸ, ಮೊಟ್ಟೆ ಇಲ್ಲವೆನ್ನುವಷ್ಟು ಅಪರೂಪ. ಅದರ ಜೊತೆಗೆ ದಿನಕ್ಕೆ ಸುಮಾರು ಅರ್ಧ ಕಿಲೋ ಜೇಡಿಮಣ್ಣು ತಿನ್ನುವ ಚಟವೂ ಇತ್ತು.

ಅವನನ್ನು ಪರೀಕ್ಷಿಸಿದವರಲ್ಲಿ ಡಾ. ಆನಂದ ಪ್ರಸಾದ್ ಒಬ್ಬರು. ಬಿಹಾರದ ಬಕ್ಸರಿನಲ್ಲಿ ಹುಟ್ಟಿ, ಪಟ್ನಾದಲ್ಲಿ ವೈದ್ಯಕೀಯ ಓದಿ, ಅಮೆರಿಕದ ಮಿನೆಸೋಟದಲ್ಲಿ ಸಂಶೋಧನೆ ಮುಗಿಸಿ ಆಗಷ್ಟೇ ಶಿರಾಜಿಗೆ ಬಂದಿದ್ದರು. ರಕ್ತಹೀನತೆಗೆ ಕಬ್ಬಿಣದ ಕೊರತೆ ಕಾರಣ ಎನ್ನುವುದು ಕಷ್ಟದ ಊಹೆಯಾಗಿರಲಿಲ್ಲ. ಆದರೆ ಕಬ್ಬಿಣ ಕಡಿಮೆಯಾದ ಮಾತ್ರಕ್ಕೆ ಬೆಳವಣಿಗೆ ಹೀಗೆ ನಿಂತುಹೋಗುವುದಿಲ್ಲ. ಸತು ಇಲ್ಲದ ಮೇವು ತಿಂದ ಪ್ರಾಣಿಗಳು ಕುಬ್ಜವಾಗುತ್ತವೆ ಎಂಬುದು ಆಗಲೇ ಗೊತ್ತಿತ್ತು. ಇಡೀ ಗೋಧಿಯಲ್ಲಿರುವ ಫೈಟೇಟ್ ಎಂಬ ರಾಸಾಯನಿಕ ಕಬ್ಬಿಣವನ್ನೂ ಸತುವನ್ನೂ ಹಿಡಿದಿಟ್ಟುಕೊಂಡು ಕರುಳಿಗೆ ದಕ್ಕದಂತೆ ಮಾಡುತ್ತದೆ. ಹಾಗಾದರೆ ಮನುಷ್ಯನಿಗೂ ಸತುವಿನ ಕೊರತೆ ಬರಬಹುದೇ? 1961ರಲ್ಲಿ ಪ್ರಸಾದ್ ಈ ಅನುಮಾನವನ್ನು ಮುದ್ರಿಸಿದಾಗ ಒಪ್ಪಿದವರು ಕಡಿಮೆ. ಆಮೇಲೆ ಈಜಿಪ್ಟಿನಲ್ಲಿ ಇಂಥದೇ ರೋಗಿಗಳ ರಕ್ತದಲ್ಲಿ ಸತುವನ್ನು ಅಳೆದು, ಕೊರತೆಯಿದ್ದವರಿಗೆ ಸತು ಕೊಟ್ಟು ನೋಡಿದರು. ಒಂದೇ ವರ್ಷದಲ್ಲಿ ಐದಾರು ಅಂಗುಲ ಎತ್ತರವಾದವರಿದ್ದರು.

ಕುಬ್ಜತನದಷ್ಟು ಕಣ್ಣಿಗೆ ಬೀಳದ ಇನ್ನೊಂದು ಸಂಗತಿ ಪ್ರಸಾದರ ಮನಸ್ಸಿನಲ್ಲಿ ಉಳಿಯಿತು. ಇಂಥ ರೋಗಿಗಳಲ್ಲಿ ಬಹಳ ಮಂದಿ 25 ದಾಟುವ ಮೊದಲೇ ಯಾವುದೋ ಸೋಂಕಿಗೆ ಬಲಿಯಾಗುತ್ತಿದ್ದರು. ಸತು ಇಲ್ಲದ ಮೈ ರೋಗಾಣುಗಳೆದುರು ಯಾಕೆ ಸೋಲುತ್ತದೆ ಎಂಬ ಪ್ರಶ್ನೆಯನ್ನು ಅವರು ಮುಂದೆ ಅಮೆರಿಕದ ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಹಿಂಬಾಲಿಸಿದರು. ಅದೇ ಸತು ಅತಿಯಾದರೆ ಏನಾಗುತ್ತದೆ ಎಂಬುದನ್ನು ದೊಡ್ಡವರಲ್ಲಿ ಕಂಡು ಬರೆದವರಲ್ಲೂ ಅವರ ಹೆಸರಿದೆ.

ದೊಡ್ಡವರ ಮೈಯಲ್ಲಿರುವ ಒಟ್ಟು ಸತು ಎರಡರಿಂದ ಮೂರು ಗ್ರಾಂ. ಹೆಚ್ಚಿನದು ಮಾಂಸಖಂಡ ಮತ್ತು ಮೂಳೆಗಳಲ್ಲಿರುತ್ತದೆ. ರಕ್ತದ ದ್ರವದಲ್ಲಿ ತೇಲುವುದು ಅದರ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಕಬ್ಬಿಣಕ್ಕಿರುವಂತೆ ಕಷ್ಟಕಾಲಕ್ಕೆಂದು ತೆಗೆದಿಟ್ಟ ದಾಸ್ತಾನು ಸತುವಿಗೆ ಇಲ್ಲ. ಊಟದಲ್ಲಿ ಕೆಲವು ವಾರ ಕಡಿಮೆಯಾದರೆ ಬೇಗ ಬೇಗ ಹುಟ್ಟಿ ಸಾಯುವ ಜೀವಕೋಶಗಳಿಗೆ ಮೊದಲು ಪೆಟ್ಟು. ರೋಗ ತಡೆಯುವ ಬಿಳಿ ರಕ್ತಕಣಗಳು ಅಂಥವೇ.

ಅವುಗಳಲ್ಲಿ ಟಿ ಕಣಗಳೆಂಬ ಗುಂಪಿನ ಮೇಲೆ ಸತುವಿನ ಹಿಡಿತ ಬಿಗಿಯಾಗಿದೆ. ಅಸ್ಥಿಮಜ್ಜೆಯಲ್ಲಿ ಹುಟ್ಟುವ ಈ ಕಣಗಳು ಎದೆಗೂಡಿನ ಮೇಲ್ಭಾಗದ ಥೈಮಸ್ ಗ್ರಂಥಿಗೆ ಹೋಗಿ ಪಳಗಬೇಕು. ಅಲ್ಲಿ ಥೈಮುಲಿನ್ ಎಂಬ ಹಾರ್ಮೋನಿನ ನೆರವು ಬೇಕು. ಒಂಬತ್ತೇ ಅಮೈನೋ ಆಮ್ಲಗಳ ಈ ಪುಟ್ಟ ಸರಪಳಿ, ಸತುವಿನ ಒಂದು ಅಯಾನು ಅಂಟಿಕೊಂಡರೆ ಮಾತ್ರ ಕೆಲಸ ಮಾಡುತ್ತದೆ. ಸತು ಇಲ್ಲದಿದ್ದರೆ ಹಾರ್ಮೋನು ರಕ್ತದಲ್ಲಿ ಇದ್ದೂ ನಿಷ್ಪ್ರಯೋಜಕ.

ಪಳಗಿದ ಮೇಲೂ ಸತುವಿನ ಅಗತ್ಯ ಮುಗಿಯುವುದಿಲ್ಲ. ಟಿ ಕಣದ ಹೊರಮೈಯಲ್ಲಿ ಸಿಡಿ4 ಅಥವಾ ಸಿಡಿ8 ಎಂಬ ಪ್ರೋಟೀನುಗಳಿರುತ್ತವೆ. ‘ಇಲ್ಲಿ ವೈರಾಣುವಿದೆ’ ಎಂಬ ಸುಳಿವು ಹೊರಗೆ ಸಿಕ್ಕಿದಾಗ, ಒಳಗಿರುವ ಎಲ್‌ಸಿಕೆ ಎಂಬ ಕಿಣ್ವ ಆ ಸುದ್ದಿಯನ್ನು ಕಣದ ಕೇಂದ್ರದತ್ತ ಸಾಗಿಸಬೇಕು. ಹೊರಗಿನ ಪ್ರೋಟೀನಿನ ಬಾಲವನ್ನೂ ಒಳಗಿನ ಕಿಣ್ವವನ್ನೂ ಒಟ್ಟಿಗೆ ಹಿಡಿದಿಡುವುದು ಸತುವಿನ ಒಂದೇ ಒಂದು ಅಯಾನು. ಅದು ತಪ್ಪಿದರೆ ಸುದ್ದಿ ದುರ್ಬಲವಾಗುತ್ತದೆ. ಇಂಟರ್‌ಲ್ಯೂಕಿನ್-2 ಎಂಬ ಕರೆಯ ರಾಸಾಯನಿಕ ಕಡಿಮೆ ತಯಾರಾಗುತ್ತದೆ, ಟಿ ಕಣಗಳು ಬೇಕಾದಷ್ಟು ಸಂಖ್ಯೆಯಲ್ಲಿ ಹೆಚ್ಚುವುದಿಲ್ಲ. ಪ್ರಸಾದರ ತಂಡ ಆರೋಗ್ಯವಂತ ಸ್ವಯಂಸೇವಕರಿಗೆ ದಿನಕ್ಕೆ ಮೂರರಿಂದ ಐದು ಮಿಲಿಗ್ರಾಂ ಸತುವಷ್ಟೇ ಇರುವ ಊಟವನ್ನು ಕೆಲವು ತಿಂಗಳು ಕೊಟ್ಟು ನೋಡಿತ್ತು. ಥೈಮುಲಿನ್ನಿನ ಚಟುವಟಿಕೆಯೂ ಇಂಟರ್‌ಲ್ಯೂಕಿನ್-2 ಕೂಡ ಇಳಿದವು. ಸತು ಮತ್ತೆ ಕೊಟ್ಟಾಗ ಚೇತರಿಸಿಕೊಂಡವು.

ಕೀವಿನಲ್ಲಿ ತುಂಬಿರುವ ನ್ಯೂಟ್ರೋಫಿಲ್ ಎಂಬ ಬಿಳಿಕಣಗಳ ತಂತ್ರ ಇನ್ನೂ ಸ್ವಾರಸ್ಯದ್ದು. ಬ್ಯಾಕ್ಟೀರಿಯಾಗಳಿಗೂ ಸತು ಬೇಕು. ನ್ಯೂಟ್ರೋಫಿಲ್‌ಗಳು ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನನ್ನು ಧಾರಾಳವಾಗಿ ಹೊತ್ತಿರುತ್ತವೆ. ಸೋಂಕಾದ ಜಾಗದಲ್ಲಿ ಅದನ್ನು ಚೆಲ್ಲಿ ಅಲ್ಲಿನ ಸತುವನ್ನೆಲ್ಲ ಬಾಚಿಕೊಂಡು ರೋಗಾಣುಗಳನ್ನು ಉಪವಾಸ ಕೆಡವುತ್ತವೆ. ಅದೇ ಹೊತ್ತಿಗೆ ಯಕೃತ್ತು ಕೂಡ ರಕ್ತದಿಂದ ಸತುವನ್ನು ಒಳಗೆಳೆದುಕೊಳ್ಳುತ್ತದೆ. ಹೀಗಾಗಿ ಜ್ವರವಿದ್ದಾಗ ರಕ್ತಪರೀಕ್ಷೆ ಮಾಡಿಸಿ, ಸತು ಕಡಿಮೆಯಿದೆ ಎಂದು ಮಾತ್ರೆ ಶುರುಮಾಡುವುದು ತಪ್ಪು ಲೆಕ್ಕ. ಮೈಯೇ ಬೇಕೆಂದು ಬಚ್ಚಿಟ್ಟದ್ದು ಕೊರತೆಯಂತೆ ಕಾಣುತ್ತಿರುತ್ತದೆ.

ಕೊರತೆ ಇರುವವರಿಗೆ ಸತು ನಿಜಕ್ಕೂ ಕೆಲಸ ಮಾಡುತ್ತದೆ. ಮಕ್ಕಳ ಭೇದಿಗೆ ಓಆರ್‌ಎಸ್ ಜೊತೆ ಜಿಂಕ್ ಮಾತ್ರೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲಿ ಹೇಳಿದವು. ನಮ್ಮ ಊರುಗಳಲ್ಲಿ ಆಶಾ ಕಾರ್ಯಕರ್ತೆಯರು ಕೊಡುವುದು ಅದನ್ನೇ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕದಕ್ಕೆ 10. ಅವಧಿ ಹತ್ತರಿಂದ 14 ದಿನ. ಈ ಸಲಹೆಯಲ್ಲಿ ಪ್ರಮಾಣದಷ್ಟೇ ಅವಧಿಗೂ ತೂಕವಿದೆ. ಕೊರತೆ ಇಲ್ಲದವರ ಮಾತು ಬೇರೆ. ಕೋವಿಡ್ ಕಾಲದಲ್ಲಿ ವಿಟಮಿನ್ ಸಿ ಮತ್ತು ಜಿಂಕ್ ಮಾತ್ರೆಗಳನ್ನು ಜನ ಔಷಧಿ ಅಂಗಡಿಯಿಂದ ತಾವಾಗಿಯೇ ತಂದು ನುಂಗಿದರು. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ಮನೆಯಲ್ಲೇ ಇದ್ದ 214 ಕೋವಿಡ್ ರೋಗಿಗಳ ಮೇಲೆ ನಡೆಸಿದ ಅಧ್ಯಯನದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. 50 ಮಿಲಿಗ್ರಾಂ ಜಿಂಕ್ ಗ್ಲುಕೋನೇಟ್ ಆಗಲಿ, ಭಾರೀ ಪ್ರಮಾಣದ ವಿಟಮಿನ್ ಸಿ ಆಗಲಿ, ಎರಡೂ ಒಟ್ಟಿಗೆ ಆಗಲಿ ಕಾಯಿಲೆಯ ದಿನಗಳನ್ನು ಗಮನಾರ್ಹವಾಗಿ ಕಡಿಮೆ ಮಾಡಿರಲಿಲ್ಲ. ಕೋವಿಡ್ ಹೋದರೂ ಆ ಮಾತ್ರೆಯ ಅಭ್ಯಾಸ ಕೆಲವರಲ್ಲಿ ಉಳಿದರೆ ಏನಾದೀತು ಎಂಬುದೇ ಇಲ್ಲಿನ ಆತಂಕ.

1970ರ ದಶಕದಲ್ಲಿ ಪ್ರಸಾದ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯದ ಜಾರ್ಜ್ ಬ್ರೂವರ್ ಕುಡಗೋಲು ಕಣ ರೋಗಕ್ಕೆ ಸತುವನ್ನು ಔಷಧಿಯಾಗಿ ಪ್ರಯೋಗಿಸುತ್ತಿದ್ದರು. ಒಬ್ಬ ರೋಗಿ ಸುಮಾರು ಎರಡು ವರ್ಷ, ದಿನಕ್ಕೆ 150 ಮಿಲಿಗ್ರಾಂ ಆಸುಪಾಸಿನಲ್ಲಿ ಸತು ತೆಗೆದುಕೊಂಡ. ಅವನ ಕೆಂಪು ರಕ್ತಕಣಗಳು ಗಾತ್ರದಲ್ಲಿ ಚಿಕ್ಕದಾಗತೊಡಗಿದವು, ನ್ಯೂಟ್ರೋಫಿಲ್‌ಗಳ ಸಂಖ್ಯೆ ಇಳಿಯಿತು. ರಕ್ತದಲ್ಲಿ ತಾಮ್ರ ಕುಸಿದಿತ್ತು. ತಾಮ್ರ ಕೊಟ್ಟ ಮೇಲೆ ಕೆಂಪುಕಣಗಳ ಗಾತ್ರವೂ ಬಿಳಿಕಣಗಳ ಸಂಖ್ಯೆಯೂ ಏರಿದವು. 1978ರಲ್ಲಿ ಈ ವರದಿ ಪ್ರಕಟವಾಯಿತು. ಸತುವಿನ ಕೊರತೆಯಿಂದ ಬಿಳಿಕಣಗಳು ಸೊರಗುವುದನ್ನು ತೋರಿಸಿದ ವೈದ್ಯರೇ, ಸತುವಿನ ಅತಿಯಿಂದಲೂ ಬಿಳಿಕಣಗಳು ಸೊರಗುತ್ತವೆ ಎಂದು ಬರೆಯಬೇಕಾಯಿತು.

ಸತು ತಿಂದರೆ ತಾಮ್ರ ಯಾಕೆ ಹೋಗುತ್ತದೆ? ಎರಡೂ ಲೋಹಗಳು ಒಂದೇ ಬಾಗಿಲಲ್ಲಿ ನೂಕಾಡುತ್ತವೆ ಎಂದು ಹಲವರು ಭಾವಿಸುತ್ತಾರೆ. ಮುಖ್ಯ ಕಾರಣ ಅದಲ್ಲ, ಸ್ವಲ್ಪ ಒಳಗಿದೆ. ಸಣ್ಣಕರುಳಿನ ಒಳಪದರದ ಜೀವಕೋಶಗಳಿಗೆ ಸತು ಹೆಚ್ಚಾಗಿ ಬಂದಾಗ ಅವು ಮೆಟಲೋಥಯೋನಿನ್ ಎಂಬ ಪ್ರೋಟೀನನ್ನು ಜಾಸ್ತಿ ತಯಾರಿಸುತ್ತವೆ. ಹೆಚ್ಚುವರಿ ಸತುವನ್ನು ಕಟ್ಟಿಹಾಕಲು ಮೈ ಮಾಡಿಕೊಂಡ ಏರ್ಪಾಡು ಅದು. ಆದರೆ ಈ ಪ್ರೋಟೀನಿಗೆ ಸತುವಿಗಿಂತ ತಾಮ್ರದ ಮೇಲೆ ಸೆಳೆತ ಹೆಚ್ಚು. ಊಟದೊಂದಿಗೆ ಬಂದ ತಾಮ್ರ ಜೀವಕೋಶದ ಒಳಗೇನೋ ಬರುತ್ತದೆ. ಅಲ್ಲಿಂದ ರಕ್ತಕ್ಕೆ ದಾಟುವ ಮೊದಲೇ ಮೆಟಲೋಥಯೋನಿನ್ ಅದನ್ನು ಹಿಡಿದುಬಿಡುತ್ತದೆ. ಕರುಳಿನ ಒಳಪದರದ ಜೀವಕೋಶಗಳ ಆಯಸ್ಸು ಕೆಲವೇ ದಿನ. ಅವು ಉದುರಿ ಮಲದೊಂದಿಗೆ ಹೊರಟಾಗ ತಾಮ್ರವೂ ಹೊರಟುಹೋಗುತ್ತದೆ. ಸರಕನ್ನು ಗೋದಾಮಿಗೆ ತುಂಬಿ, ವಾರದೊಳಗೆ ಗೋದಾಮನ್ನೇ ಸರಕಿನ ಸಮೇತ ಕೆಡವಿ ಹಾಕಿದ ಹಾಗೆ. ಜೊಲ್ಲು, ಜಠರರಸಗಳ ಮೂಲಕ ಮೈಯಿಂದ ಕರುಳಿಗೆ ಇಳಿದು ಮತ್ತೆ ಹೀರಲ್ಪಡಬೇಕಾದ ತಾಮ್ರವೂ ಹೀಗೇ ಸಿಕ್ಕಿಬೀಳುತ್ತದೆ. ಆದ್ದರಿಂದ ತಾಮ್ರದ ಒಳಬರವು ನಿಲ್ಲುವುದರ ಜೊತೆಗೆ ಇದ್ದ ದಾಸ್ತಾನೂ ಮೆಲ್ಲಗೆ ಕರಗುತ್ತದೆ.

ಇದೇ ಹಾನಿಯನ್ನು ಬ್ರೂವರ್ ಔಷಧಿಯಾಗಿ ತಿರುಗಿಸಿದರು. ವಿಲ್ಸನ್ ಕಾಯಿಲೆಯಲ್ಲಿ ತಾಮ್ರ ಹೊರಹೋಗಲಾರದೆ ಯಕೃತ್ತು, ಮಿದುಳುಗಳಲ್ಲಿ ಶೇಖರವಾಗಿ ವಿಷವಾಗುತ್ತದೆ. ನೆದರ್‌ಲ್ಯಾಂಡ್ಸಿನಲ್ಲಿ 1960ರ ದಶಕದ ಆರಂಭದಲ್ಲೇ ಇದಕ್ಕೆ ಸತು ಕೊಟ್ಟು ನೋಡಿದ್ದರು. ಬ್ರೂವರ್ ತಂಡದ ವರ್ಷಗಳ ಕೆಲಸದ ಮೇಲೆ 1997ರಲ್ಲಿ ಅಮೆರಿಕದ ಔಷಧಿ ನಿಯಂತ್ರಕರು ಜಿಂಕ್ ಅಸಿಟೇಟನ್ನು ಒಪ್ಪಿದರು. ದೊಡ್ಡವರಿಗೆ 50 ಮಿಲಿಗ್ರಾಂ ದಿನಕ್ಕೆ ಮೂರು ಬಾರಿ, ಖಾಲಿ ಹೊಟ್ಟೆಯಲ್ಲಿ. ಬೆಂಗಳೂರಿನ ನಿಮ್ಹಾನ್ಸ್ ಈ ಕಾಯಿಲೆಯ ಬಗ್ಗೆ ದೊಡ್ಡ ಅನುಭವವಿರುವ ಸಂಸ್ಥೆ. ಮೂರು ದಶಕಗಳಲ್ಲಿ ನೋಡಿದ 282 ರೋಗಿಗಳ ವಿವರವನ್ನು ಅಲ್ಲಿನ ವೈದ್ಯರು 2007ರಲ್ಲಿ ಪ್ರಕಟಿಸಿದರು. ಪೆನಿಸಿಲಮೈನ್ ಮತ್ತು ಜಿಂಕ್ ಸಲ್ಫೇಟ್ ಎರಡನ್ನೂ ತೆಗೆದುಕೊಳ್ಳುತ್ತಿದ್ದ ರೋಗಿಗಳಲ್ಲಿ ಪೆನಿಸಿಲಮೈನ್ ನಿಲ್ಲಿಸಿ, ಅಗ್ಗದ ಜಿಂಕ್ ಒಂದರಲ್ಲೇ ಮುಂದುವರಿಸಬಹುದೇ ಎಂಬುದನ್ನೂ ಅವರು ಪರಿಶೀಲಿಸಿ ಬರೆದಿದ್ದಾರೆ. ವಿಲ್ಸನ್ ರೋಗಿಗೆ ತಾಮ್ರ ತಡೆಯಲು ಕೊಡುವ ಪ್ರಮಾಣ 150 ಮಿಲಿಗ್ರಾಂ. ಆರೋಗ್ಯವಂತರು ‘ಶಕ್ತಿಗೆ ಒಳ್ಳೆಯದು’ ಎಂದು 50ರ ಮಾತ್ರೆಯನ್ನು ದಿನಕ್ಕೆರಡು ಬಾರಿ ನುಂಗಿದರೆ ಅದರ ಮೂರನೇ ಎರಡು ಭಾಗ ಮುಟ್ಟಿದಂತಾಯಿತು.

ತಾಮ್ರ ನಮಗೆ ದಿನಕ್ಕೆ ಒಂದೆರಡು ಮಿಲಿಗ್ರಾಂ ಸಾಕು. ಆದರೆ ಅಷ್ಟು ಬೇಕೇ ಬೇಕು. ಮೈಯಲ್ಲಿ ಶೇಖರವಾದ ಕಬ್ಬಿಣ ರಕ್ತದಲ್ಲಿ ಸಾಗಾಟಕ್ಕೆ ಸಿದ್ಧವಾಗಲು ತಾಮ್ರ ಹೊತ್ತ ಸೆರುಲೋಪ್ಲಾಸ್ಮಿನ್ ಎಂಬ ಕಿಣ್ವ ಬೇಕು. ತಾಮ್ರ ಇಲ್ಲದಿದ್ದರೆ ಕಬ್ಬಿಣ ಇದ್ದಲ್ಲೇ ಉಳಿದು, ಅಸ್ಥಿಮಜ್ಜೆಗೆ ತಲುಪದೆ, ರಕ್ತಹೀನತೆ ಬರುತ್ತದೆ. ಕಬ್ಬಿಣದ ಮಾತ್ರೆ ತಿಂಗಳುಗಟ್ಟಲೆ ತಿಂದರೂ ಹಿಮೋಗ್ಲೋಬಿನ್ ಏರುವುದಿಲ್ಲ. ಹಾಲಷ್ಟೇ ಕುಡಿಸಿ ರಕ್ತಹೀನವಾಗಿಸಿದ ಇಲಿಗಳು ಶುದ್ಧ ಕಬ್ಬಿಣದಿಂದ ಚೇತರಿಸಿಕೊಳ್ಳದೆ, ತಾಮ್ರ ಸೇರಿಸಿದಾಗ ಚೇತರಿಸಿಕೊಂಡದ್ದನ್ನು ವಿಸ್ಕಾನ್ಸಿನ್ನಿನ ವಿಜ್ಞಾನಿಗಳು 1928ರಲ್ಲೇ ತೋರಿಸಿದ್ದರು.

ಬಿಳಿಕಣಗಳ ಪೈಕಿ ಮೊದಲು ಇಳಿಯುವುದು ನ್ಯೂಟ್ರೋಫಿಲ್. ಇನ್ನೊಂದು ಬಗೆಯ ಬಿಳಿಕಣಗಳಾದ ಮ್ಯಾಕ್ರೋಫೇಜ್‌ಗಳು ನುಂಗಿದ ಬ್ಯಾಕ್ಟೀರಿಯಾದ ಮೇಲೆ ತಾಮ್ರವನ್ನು ಪಂಪ್ ಮಾಡಿ ಕೊಲ್ಲುತ್ತವೆ. ರೋಗ ಬರಬಾರದೆಂದು ಅತಿಯಾಗಿ ತಿಂದ ಸತು ಈ ಎರಡೂ ಕಡೆ ರಕ್ಷಣೆಯನ್ನು ಸಡಿಲಗೊಳಿಸುತ್ತದೆ. ಅಸ್ಥಿಮಜ್ಜೆಯ ಪರೀಕ್ಷೆ ಮಾಡಿದರೆ ಅಲ್ಲಿನ ಚಿತ್ರ ರಕ್ತದ ಕ್ಯಾನ್ಸರಿಗೆ ಹತ್ತಿರದ ಒಂದು ಕಾಯಿಲೆಯನ್ನೇ ಹೋಲುತ್ತದೆ. ತಾಮ್ರ ಅಳೆಯುವ ಯೋಚನೆ ಯಾರಿಗೂ ಹೊಳೆಯದೆ, ಅಂಥ ಕಾಯಿಲೆಯ ಹೆಸರು ಹೊತ್ತವರಿದ್ದಾರೆ.

ನರಗಳ ಪೆಟ್ಟು ಇನ್ನೂ ಕ್ರೂರ. ಪಾದಗಳಲ್ಲಿ ಜೋಮು, ಕತ್ತಲಲ್ಲಿ ಅಥವಾ ಕಣ್ಣು ಮುಚ್ಚಿದಾಗ ತೂರಾಟ, ಕಾಲುಗಳಲ್ಲಿ ಬಿಗುವು. ಬೆನ್ನುಹುರಿಯ ಹಿಂಭಾಗದ ನರಗಳು ಹಾಳಾಗುವ ಈ ಸ್ಥಿತಿ ವಿಟಮಿನ್ ಬಿ12 ಕೊರತೆಯಂತೆಯೇ ಕಾಣುತ್ತದೆ. ಬಿ12 ಚುಚ್ಚುಮದ್ದು ಕೊಟ್ಟೂ ನಡಿಗೆ ಹದಗೆಡುತ್ತಲೇ ಹೋದರೆ ತಾಮ್ರ ನೋಡಬೇಕು ಎಂಬುದನ್ನು ನರರೋಗ ತಜ್ಞರು ಈ ಶತಮಾನದ ಮೊದಲ ದಶಕದಲ್ಲಿ ಚೆನ್ನಾಗಿ ಮನಗಂಡರು.

ಅದಕ್ಕೆ ಒಂದು ಉದಾಹರಣೆ ಅಮೆರಿಕದ ಟೆಕ್ಸಸ್ಸಿನಿಂದ ಬಂತು. ಅಲ್ಲಿನ ವೈದ್ಯರು 2008ರಲ್ಲಿ ನಾಲ್ವರು ರೋಗಿಗಳ ಬಗ್ಗೆ ಬರೆದರು. ನಾಲ್ವರಿಗೂ ನರದೌರ್ಬಲ್ಯ, ರಕ್ತದಲ್ಲಿ ತಾಮ್ರ ಕಡಿಮೆ, ಸತು ಹೆಚ್ಚು. ಸತು ಬಂದದ್ದು ಎಲ್ಲಿಂದ ಎಂದು ಹುಡುಕಿದಾಗ ಸಿಕ್ಕ ಸಮಾನ ಅಂಶ ಒಂದೇ: ಕಟ್ಟಿಸಿಕೊಂಡ ಹಲ್ಲಿನ ಸೆಟ್ ಅಲ್ಲಾಡದಂತೆ ಹಚ್ಚುವ ಅಂಟು ಪೇಸ್ಟು. ಅವರ ಹಲ್ಲಿನ ಸೆಟ್ ಒಸಡಿಗೆ ಸರಿಯಾಗಿ ಕೂರುತ್ತಿರಲಿಲ್ಲ. ಹಾಗಾಗಿ ವಾರಗಟ್ಟಲೆ ಬರಬೇಕಾದ ಟ್ಯೂಬನ್ನು ವಾರಕ್ಕೆ ಎರಡು, ಕೆಲವೊಮ್ಮೆ ಇನ್ನೂ ಹೆಚ್ಚು, ಬಳಸುತ್ತಿದ್ದರು. ಟ್ಯೂಬಿನ ತೂಕ 68 ಗ್ರಾಂ. ಪ್ರಯೋಗಾಲಯದಲ್ಲಿ ಅಳೆದಾಗ ಇಂಥ ಪೇಸ್ಟುಗಳ ಪ್ರತಿ ಗ್ರಾಂನಲ್ಲಿ 17ರಿಂದ 34 ಮಿಲಿಗ್ರಾಂ ಸತು ಸಿಕ್ಕಿತು. ವಾರಕ್ಕೆ 136 ಗ್ರಾಂ ಪೇಸ್ಟು ಎಂದರೆ ದಿನಕ್ಕೆ 19 ಗ್ರಾಂ. ಹೀಗೆ ಬಾಯಿಗೆ ಬೀಳುವ ಸತು ದಿನಕ್ಕೆ ಕಡಿಮೆಯೆಂದರೂ 320 ಮಿಲಿಗ್ರಾಂ. ವಿಲ್ಸನ್ ಕಾಯಿಲೆಗೆ ಕೊಡುವ ಔಷಧಿಯ ಎರಡು ಪಟ್ಟು, ವರ್ಷಗಟ್ಟಲೆ, ಅದು ಔಷಧಿಯೆಂಬ ಅರಿವೇ ಇಲ್ಲದೆ. ಪೇಸ್ಟು ಬಿಟ್ಟ ಮೂವರಲ್ಲಿ ಸತು ಇಳಿಯಿತು. ತಾಮ್ರ ತೆಗೆದುಕೊಂಡ ಮೇಲೆ ನರಗಳಲ್ಲಿ ಅಲ್ಪಸ್ವಲ್ಪ ಸುಧಾರಣೆ ಕಂಡದ್ದು ಇಬ್ಬರಲ್ಲಿ ಮಾತ್ರ.

ಹಾಗಾದರೆ ಎಷ್ಟರವರೆಗೆ ಸುರಕ್ಷಿತ? ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ಗಂಡಸರಿಗೆ ದಿನಕ್ಕೆ 17 ಮಿಲಿಗ್ರಾಂ, ಹೆಂಗಸರಿಗೆ 13.2 ಮಿಲಿಗ್ರಾಂ ಸತು ಬೇಕು. ಪಾಶ್ಚಾತ್ಯ ದೇಶಗಳಿಗಿಂತ ಇದು ಜಾಸ್ತಿ, ಯಾಕೆಂದರೆ ರಾಗಿ, ಜೋಳ, ಗೋಧಿ, ಬೇಳೆಗಳ ಫೈಟೇಟಿಗೆ ಸತುವಿನ ಒಂದು ಪಾಲು ಹೋಗುತ್ತದೆ. ರಾಗಿಯನ್ನು ಮೊಳಕೆ ಕಟ್ಟಿ ಹುರಿಹಿಟ್ಟು ಮಾಡಿದಾಗ, ದೋಸೆ ಇಡ್ಲಿ ಹಿಟ್ಟನ್ನು ಹುದುಗಿಸಿದಾಗ ಫೈಟೇಟ್ ಒಡೆದು ಇದ್ದ ಸತುವೇ ಹೆಚ್ಚು ದಕ್ಕುತ್ತದೆ. ಊಟದಿಂದ ಸತು ಅತಿಯಾಗುವ ಭಯ ಸಾಮಾನ್ಯವಾಗಿ ಇಲ್ಲ. ಅಪಾಯವಿರುವುದು ಮಾತ್ರೆಯಲ್ಲಿ.

ಮೇಲಿನ ಮಿತಿ ದಿನಕ್ಕೆ 40 ಮಿಲಿಗ್ರಾಂ. ಊಟ, ಮಾತ್ರೆ ಎಲ್ಲ ಸೇರಿ. ಇದು ಬಂದ ಬಗೆ ತಿಳಿದರೆ ಸಂಖ್ಯೆಯ ಅರ್ಥ ಸ್ಪಷ್ಟವಾಗುತ್ತದೆ. 1980ರ ದಶಕದ ಕೊನೆಯಲ್ಲಿ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಮಹಿಳೆಯರು ಹತ್ತು ವಾರ ದಿನಕ್ಕೆ 50 ಮಿಲಿಗ್ರಾಂ ಸತುವಿನ ಮಾತ್ರೆ ತಿಂದಿದ್ದರು. ಅಷ್ಟಕ್ಕೇ ಅವರ ಕೆಂಪುಕಣಗಳಲ್ಲಿ ತಾಮ್ರವನ್ನು ಅವಲಂಬಿಸಿದ ಒಂದು ಕಿಣ್ವದ ಚಟುವಟಿಕೆ ಇಳಿಯಿತು. ಊಟದ ಸುಮಾರು ಹತ್ತು ಸೇರಿಸಿ 60 ಎಂದಿಟ್ಟುಕೊಂಡು, ಅದನ್ನು ಒಂದೂವರೆಯಿಂದ ಭಾಗಿಸಿ ಅಮೆರಿಕದ ತಜ್ಞರು 40ಕ್ಕೆ ಬಂದರು. ಒಂದು ದಿನ 50 ತಿಂದರೆ ಏನೋ ಆಗಿಬಿಡುತ್ತದೆ ಎಂದು ಇದರ ಅರ್ಥವಲ್ಲ. ತಿಂಗಳುಗಟ್ಟಲೆ ಸಾಗಿದರೆ ತಾಮ್ರದ ಮೇಲೆ ಪರಿಣಾಮ ಶುರುವಾಗುವ ಎತ್ತರ ಅದು. ಕಣ್ಣಿನ ಅಕ್ಷಿಪಟದ ಸವೆತಕ್ಕೆ ದಿನಕ್ಕೆ 80 ಮಿಲಿಗ್ರಾಂ ಸತು ಪ್ರಯೋಗಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿದ ಅಮೆರಿಕದ ಸಂಶೋಧಕರು, ಈ ತೊಂದರೆ ತಿಳಿದೇ ಅದರೊಂದಿಗೆ ಎರಡು ಮಿಲಿಗ್ರಾಂ ತಾಮ್ರವನ್ನೂ ಸೇರಿಸಿದ್ದರು.

ಮಾತ್ರೆಯ ಪಟ್ಟಿಯ ಮೇಲಿನ ಸಂಖ್ಯೆ ಓದುವಾಗ ಒಂದು ಎಚ್ಚರ ಬೇಕು. ಜಿಂಕ್ ಸಲ್ಫೇಟ್ 220 ಮಿಲಿಗ್ರಾಂ ಎಂದಿದ್ದರೆ ಅದರೊಳಗಿನ ಸತು ಸುಮಾರು 50 ಮಿಲಿಗ್ರಾಂ. ಕೆಲವು ಪಟ್ಟಿಗಳಲ್ಲಿ ಲವಣದ ತೂಕ, ಕೆಲವಲ್ಲಿ ಸತುವಿನ ತೂಕ ಬರೆದಿರುತ್ತದೆ. ಲೆಕ್ಕಕ್ಕೆ ಬೇಕಾದದ್ದು ಸತುವಿನದು. ಜಿಂಕ್ ಮಾತ್ರೆ, ಮಲ್ಟಿವಿಟಮಿನ್, ಶಕ್ತಿವರ್ಧಕ ಪುಡಿ ಮೂರನ್ನೂ ತೆಗೆದುಕೊಳ್ಳುವವರು ಮೂರರದ್ದನ್ನೂ ಕೂಡಿಸಬೇಕು. ಬೊಜ್ಜು ಇಳಿಸಲು ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ತಾಮ್ರ ಹೀರುವ ಕರುಳಿನ ಭಾಗವೇ ಬಳಕೆ ತಪ್ಪಿರಬಹುದು, ಅವರಿಗೆ ಕಡಿಮೆ ಸತುವೂ ಹೆಚ್ಚಾದೀತು.

ಕಾರಣ ತಿಳಿಯದ ರಕ್ತಹೀನತೆಯ ಜೊತೆಗೆ ನ್ಯೂಟ್ರೋಫಿಲ್ ಕಡಿಮೆಯಿದ್ದರೆ, ಅದರಲ್ಲೂ ಕಾಲಿನ ಜೋಮು ಸೇರಿದ್ದರೆ, ರಕ್ತದಲ್ಲಿ ತಾಮ್ರ, ಸೆರುಲೋಪ್ಲಾಸ್ಮಿನ್ ಮತ್ತು ಸತು ಮೂರನ್ನೂ ಒಟ್ಟಿಗೆ ಅಳೆಯಬೇಕು. ಬಸಿರಿನಲ್ಲಿ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವಾಗ, ಮೈಯಲ್ಲಿ ಉರಿಯೂತವಿದ್ದಾಗ ತಾಮ್ರದ ಮಟ್ಟ ತಾನಾಗಿ ಏರುವುದರಿಂದ ಕೊರತೆ ಮುಚ್ಚಿಹೋಗಬಹುದು. ಕೊರತೆ ಖಚಿತವಾದರೆ ಮೊದಲ ಚಿಕಿತ್ಸೆ ಸತು ನಿಲ್ಲಿಸುವುದು. ಅದರೊಂದಿಗೆ ವೈದ್ಯರು ದಿನಕ್ಕೆ ಕೆಲವು ಮಿಲಿಗ್ರಾಂ ತಾಮ್ರ ಕೊಡುತ್ತಾರೆ. ಮೈಯಲ್ಲಿ ಕೂಡಿದ ಸತು ಖಾಲಿಯಾಗಲು ಸಮಯ ಹಿಡಿಯುವುದರಿಂದ ತಾಮ್ರ ಏರುವುದು ತಡವಾಗಬಹುದು. ರಕ್ತಕಣಗಳು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳೊಳಗೆ ಹಳೆಯ ಸಂಖ್ಯೆಗೆ ಬರುತ್ತವೆ. ಬೆನ್ನುಹುರಿಯ ಹಾನಿ ಅಲ್ಲಿಗೆ ನಿಲ್ಲುತ್ತದೆಯಾದರೂ ಪೂರ್ತಿ ವಾಸಿಯಾಗುವುದು ಅಪರೂಪ. ಹಾಗಾಗಿ ನಡಿಗೆ ತಪ್ಪುವ ಮೊದಲು, ರಕ್ತದ ವರದಿಯಲ್ಲಿ ನ್ಯೂಟ್ರೋಫಿಲ್ ಸಂಖ್ಯೆ ಇಳಿದಾಗಲೇ, ರೋಗಿ ಏನೇನು ಮಾತ್ರೆ, ಪುಡಿ, ಪೇಸ್ಟು ಬಳಸುತ್ತಿದ್ದಾರೆಂದು ಕೇಳಿ ತಿಳಿಯಬೇಕು.